ಚೀಟಿಯ ಲಾಭ ಯಾರ ಜೇಬಿನದು?

ಶೇಂಗಾ ಮಾರಿದ ದುಡ್ಡು ಕೈಗೆ ಬರುವ ದಿನಗಳಲ್ಲಿ ಕೊಟ್ಟೂರು, ಕೂಡ್ಲಿಗಿ ಕಡೆ ಎರಡು ಮಾತು ಕೇಳಿಬರುತ್ತವೆ. ‘ಒಂದು ಚೀಟಿ ಹಾಕೋಣೇನ್ರಿ?’ ಎಂಬುದು ಒಂದು. ‘ಬ್ಯಾಂಕಿನಾಗ ಆರ್‌ಡಿ ಕಟ್ಟಿದ್ರ ಎಷ್ಟು ಸಿಗತೈತಿ?’ ಎಂಬುದು ಇನ್ನೊಂದು. ಕಾಲೇಜಿನಲ್ಲಿ ವಾಣಿಜ್ಯದ ಪಾಠ ಹೇಳಿ ನಿವೃತ್ತನಾದವನು ನಾನು. ಈ ಪ್ರಶ್ನೆಗಳು ನಮ್ಮ ಮನೆಯ ಕಟ್ಟೆಗೂ ಬರುತ್ತವೆ. ಈಚೆಗೆ ಕೇಳಿದವರು ಹಡಗಲಿ ಮಲ್ಲಿಗೆ ತರಿಸಿ ಮಾರುವ ನಮ್ಮ ಓಣಿಯ ಅಕ್ಕ. ತಿಂಗಳಿಗೆ ಐದು ಸಾವಿರ ಉಳಿಸಬಲ್ಲರು, ಇಪ್ಪತ್ತು ತಿಂಗಳ ಮೇಲೆ ಮಗಳ ಮದುವೆ. ‘ಸಾರ್, ಚೀಟಿ ಆಗಲೊಲ್ಲದು, ಆರ್‌ಡಿ ಆಗಲೊಲ್ಲದು, ಎರಡೂ ತಿಂಗಳ ಕಂತೇ ಅಲ್ರೀ?’ ಅಂದರು. ಕಂತು ಕಟ್ಟುವುದರಲ್ಲಿ ಎರಡೂ ಒಂದೇ. ಕಟ್ಟಿದ ಕಂತು ಎಲ್ಲಿಗೆ ಹೋಗುತ್ತದೆ ಎಂಬಲ್ಲಿ ದಾರಿ ಕವಲೊಡೆಯುತ್ತದೆ.

ಆರ್‌ಡಿಯನ್ನು ಬೇಗ ಮುಗಿಸಿಬಿಡುತ್ತೇನೆ, ಅದರಲ್ಲಿ ಗುಟ್ಟೇನಿಲ್ಲ. ಖಾತೆ ತೆರೆದ ದಿನವೇ ಬಡ್ಡಿದರ ಪಾಸ್‌ಬುಕ್ಕಿನಲ್ಲಿ ಅಚ್ಚಾಗುತ್ತದೆ, ಅವಧಿ ಮುಗಿಯುವವರೆಗೆ ಬದಲಾಗುವುದಿಲ್ಲ. ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸುತ್ತಾರೆ. ದರ ನೂರಕ್ಕೆ ಆರೂವರೆ ಎಂದಿಟ್ಟುಕೊಂಡು ತಿಂಗಳಿಗೆ 5,000ದಂತೆ ಇಪ್ಪತ್ತು ತಿಂಗಳು ಕಟ್ಟಿದರೆ, ಕಟ್ಟಿದ್ದು ಒಂದು ಲಕ್ಷ, ಸಿಗುವುದು ಸುಮಾರು 1,05,850. ನೀವು ಯಾರು, ನಿಮಗೆ ಎಷ್ಟು ಅಡಚಣೆ ಇದೆ ಎಂದು ಆ ಲೆಕ್ಕ ಕೇಳುವುದಿಲ್ಲ.

ಈಗ ಚೀಟಿ. ಇಪ್ಪತ್ತು ಜನ, ತಲಾ 5,000, ಇಪ್ಪತ್ತು ತಿಂಗಳು. ಪ್ರತಿ ತಿಂಗಳು ಒಂದು ಲಕ್ಷ ಕೂಡುತ್ತದೆ, ಆ ತಿಂಗಳು ಒಬ್ಬರಿಗೆ ಹೋಗುತ್ತದೆ. ಮೊದಲ ತಿಂಗಳ ಚೀಟಿ ಸಾಮಾನ್ಯವಾಗಿ ನಡೆಸುವವರದು. ಕಾಯ್ದೆಯಲ್ಲಿ ಇವರನ್ನು ಫೋರ್‌ಮನ್ ಎನ್ನುತ್ತಾರೆ. ಎರಡನೇ ತಿಂಗಳಿಂದ ಹರಾಜು. ಅಂಗಡಿಯ ಹಿಂದಿನ ಕೋಣೆಯಲ್ಲೋ ಯಾರದೋ ಪಡಸಾಲೆಯಲ್ಲೋ ಚಾಪೆ ಹಾಸಿರುತ್ತಾರೆ, ನಡೆಸುವವರ ತೊಡೆಯ ಮೇಲೆ ಉದ್ದನೆಯ ನೋಟುಪುಸ್ತಕ. ಒಬ್ಬರು ‘ಹತ್ತು ಬಿಟ್ಟೆ’ ಅನ್ನುತ್ತಾರೆ, ಅಂದರೆ ಹತ್ತು ಸಾವಿರ ಬಿಟ್ಟುಕೊಟ್ಟು ತೊಂಬತ್ತಕ್ಕೆ ಒಪ್ಪಿದ್ದೇನೆ ಎಂದು. ಇನ್ನೊಬ್ಬರು ‘ಹದಿನೈದು’. ಮಳೆ ಬಿದ್ದು ಬೀಜ, ಗೊಬ್ಬರಕ್ಕೆ ಕಾಸಿಲ್ಲದವರು ‘ಮೂವತ್ತು’ ಅಂದುಬಿಟ್ಟರೆ ಮಿಕ್ಕವರು ಸುಮ್ಮನಾಗುತ್ತಾರೆ. ಒಂದು ಸಾರಿ, ಎರಡು ಸಾರಿ, ಮೂರು ಸಾರಿ, ಮುಗಿಯಿತು.

ಆ ಮೂವತ್ತು ಸಾವಿರ ಎಲ್ಲಿಗೆ ಹೋಯಿತು? ನೂರಕ್ಕೆ ಐದರಂತೆ 5,000 ನಡೆಸುವವರ ಕಮಿಷನ್. (2019ರ ತಿದ್ದುಪಡಿಯ ನಂತರ ಕಾಯ್ದೆ ಏಳರವರೆಗೆ ಬಿಡುತ್ತದೆ.) ಉಳಿದ 25,000ವನ್ನು ಇಪ್ಪತ್ತು ಜನಕ್ಕೆ ಹಂಚಿದರೆ ತಲೆಗೆ 1,250. ಹೀಗಾಗಿ ಆ ತಿಂಗಳು ಎಲ್ಲರೂ 5,000ದ ಬದಲು 3,750 ಕಟ್ಟುತ್ತಾರೆ. ಇದನ್ನೇ ಜನ ‘ಲಾಭ ಬಂತು’ ಅನ್ನುವುದು, ಕಂಪನಿಯವರು ಡಿವಿಡೆಂಡ್ ಎಂದು ಬರೆಯುವುದು. ಬಂದದ್ದು ಯಾವ ವ್ಯಾಪಾರದಿಂದಲೂ ಅಲ್ಲ, ಗೊಬ್ಬರದ ಅಂಗಡಿಗೆ ಓಡಬೇಕಾದವರ ಜೇಬಿನಿಂದ.

ಅಕ್ಕನ ಮುಂದೆ ಇಡೀ ಚೀಟಿಯನ್ನೇ ಬರೆದು ತೋರಿಸಿದೆ. ಮೊದಲ ತಿಂಗಳು ಹರಾಜಿಲ್ಲ. ಆಮೇಲಿನ ಐದು ತಿಂಗಳು ಮೂವತ್ತು ಸಾವಿರ ಬಿಡುತ್ತಾರೆ, ಮತ್ತೈದು ತಿಂಗಳು ಇಪ್ಪತ್ತನಾಲ್ಕು, ಮತ್ತೈದು ತಿಂಗಳು ಹದಿನಾರು, ಆಮೇಲೆ ಮೂರು ತಿಂಗಳು ಹತ್ತು. ಕೊನೆಯ ತಿಂಗಳು ಪೈಪೋಟಿಗೆ ಯಾರೂ ಉಳಿದಿರುವುದಿಲ್ಲ, ಕಮಿಷನ್ನಿನ ಐದು ಸಾವಿರ ಮಾತ್ರ ಹೋಗುತ್ತದೆ. ಇದು ನಾನೇ ಹಾಕಿಕೊಂಡ ಲೆಕ್ಕ, ನಿಮ್ಮೂರ ಚೀಟಿಯಲ್ಲಿ ಅಂಕಿ ಬೇರೆ ಇರಬಹುದು, ಚಾಲು ಇದೇ. ಕೂಡಿಸಿದರೆ ಪ್ರತಿಯೊಬ್ಬರೂ ಇಪ್ಪತ್ತು ತಿಂಗಳಲ್ಲಿ ಕಟ್ಟಿದ್ದು 85,500.

ಕೊನೆಯವರೆಗೆ ಕಾದವರಿಗೆ 95,000 ಸಿಕ್ಕಿತು. ಲಾಭ 9,500. ಅವರು ಕಟ್ಟಿದಷ್ಟೇ ಹಣವನ್ನು ಅದೇ ತಿಂಗಳುಗಳಲ್ಲಿ ಆರ್‌ಡಿಯ ಬಡ್ಡಿದರಕ್ಕೆ ಹಾಕಿದ್ದರೆ ಐದು ಸಾವಿರದ ಒಳಗೇ ಸಿಗುತ್ತಿತ್ತು. ವರ್ಷಕ್ಕೆ ಲೆಕ್ಕ ಹಾಕಿದರೆ ಚೀಟಿಯಲ್ಲಿ ನೂರಕ್ಕೆ ಹದಿನಾಲ್ಕೂವರೆ ಬಿತ್ತು. ಹೀಗಿರುವುದರಿಂದಲೇ ಜನ ಚೀಟಿಗೆ ಮನಸೋಲುತ್ತಾರೆ.

ಎರಡನೇ ತಿಂಗಳಲ್ಲಿ ಎತ್ತಿದವರ ಕಥೆ ಬೇರೆ. ಅವರ ಕೈಗೆ ಬಂದದ್ದು 70,000, ಒಟ್ಟು ಕಟ್ಟಿದ್ದು ಅದೇ 85,500. ತಿಂಗಳ ಲೆಕ್ಕಕ್ಕೆ ತಂದರೆ ನೂರಕ್ಕೆ ಎರಡು ರೂಪಾಯಿಗಿಂತ ಹೆಚ್ಚು, ಎರಡೂವರೆಗಿಂತ ಕಡಿಮೆ. ನಮ್ಮ ಕಡೆಯ ಮಾತಿನಲ್ಲಿ ಎರಡು ರೂಪಾಯಿ ಬಡ್ಡಿಯ ಸಾಲಕ್ಕಿಂತ ತುಸು ದುಬಾರಿ. ಬ್ಯಾಂಕಿನಲ್ಲಿ ಬಂಗಾರ ಅಡ ಇಟ್ಟರೆ ಒಂದು ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಸಾಲ ಅದು. ಅಡ ಇಡಲು ಬಂಗಾರ ಇಲ್ಲದವರಿಗೆ, ಸಂಜೆಯೊಳಗೆ ಹಣ ಬೇಕಾದವರಿಗೆ ಚೀಟಿ ನೆರವಾಗುತ್ತದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಉಳಿತಾಯವೆಂದು ಸೇರಿ ಎರಡನೇ ತಿಂಗಳಲ್ಲೇ ಎತ್ತಿದವರು ಮಾಡಿದ್ದು ಸಾಲ.

ಅಕ್ಕ ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡು ಎಣಿಸತೊಡಗಿದರು. ಹದಿನಾರನೇ ತಿಂಗಳಿನವರಿಗೆ ಸಿಕ್ಕಿದ್ದೂ 84,000ವೇ, ಕಟ್ಟಿದ್ದಕ್ಕಿಂತ ಒಂದೂವರೆ ಸಾವಿರ ಕಡಿಮೆ. ನಡೆಸುವವರನ್ನು ಬಿಟ್ಟರೆ ಕಟ್ಟಿದ್ದಕ್ಕಿಂತ ಹೆಚ್ಚು ಪಡೆದವರು ಕೊನೆಯ ನಾಲ್ಕೇ ಜನ. ‘ಅಂದ್ರ ಹತ್ತೊಂಬತ್ತು ಮಂದಿಯೊಳಗ ಹದಿನೈದು ಮಂದಿ ಕಳಕೊಂಡ್ರಾ?’ ಅಂದರು. ಕಳೆದುಕೊಂಡರು ಎನ್ನುವುದಕ್ಕಿಂತ ಬಡ್ಡಿ ಕೊಟ್ಟರು ಎನ್ನುವುದು ಸರಿ. ನಡೆಸುವವರಿಗಾದರೋ ಹತ್ತೊಂಬತ್ತು ತಿಂಗಳ ಕಮಿಷನ್ 95,000, ಜೊತೆಗೆ ಮೊದಲ ತಿಂಗಳ ಪೂರ್ತಿ ಲಕ್ಷ.

ಇಷ್ಟೆಲ್ಲ ಎಲ್ಲರೂ ಕೊನೆಯವರೆಗೆ ಕಟ್ಟಿದರೆ. ಆರನೇ ತಿಂಗಳಲ್ಲಿ ಚೀಟಿ ಎತ್ತಿದವರು ಒಂಬತ್ತನೇ ತಿಂಗಳಿಂದ ಕಂತು ನಿಲ್ಲಿಸಿದರೆ ಆ ಹಣ ತುಂಬಬೇಕಾದವರು ನಡೆಸುವವರು. ಆದ್ದರಿಂದಲೇ ಎತ್ತಿದ ಹಣ ಕೊಡುವ ಮುಂಚೆ ಜಾಮೀನುದಾರರು, ಚೆಕ್ಕು ಎಲ್ಲ ಕೇಳುತ್ತಾರೆ. ಕೇಳದೆ ‘ನಮ್ಮವರಲ್ವಾ’ ಎಂದು ಕೊಡುವ ಚೀಟಿಯಲ್ಲಿ ನಾನಾದರೆ ಸೇರುವುದಿಲ್ಲ. ನಮ್ಮ ಸೀಮೆಗೆ ಇನ್ನೊಂದು ತೊಡಕಿದೆ. ಕೂಡ್ಲಿಗಿಯ ಒಂದೇ ಹಳ್ಳಿಯ ಇಪ್ಪತ್ತು ಶೇಂಗಾ ರೈತರು ಕೂಡಿ ಚೀಟಿ ಹಾಕಿದರು ಅನ್ನಿ. ಮಳೆ ಕೈಕೊಟ್ಟ ವರ್ಷ ಒಬ್ಬರ ಕಂತು ನಿಲ್ಲುವುದಿಲ್ಲ, ಹತ್ತು ಜನರದು ಒಟ್ಟಿಗೇ ನಿಲ್ಲುತ್ತದೆ, ಜಾಮೀನು ಹಾಕಿದವರದೂ ಅದೇ ಹೊಲ, ಅದೇ ಮುಗಿಲು. ಸಂಬಳದವರು, ಅಂಗಡಿಯವರು, ರೈತರು ಬೆರೆತಿರುವ ಚೀಟಿ ಅಷ್ಟರಮಟ್ಟಿಗೆ ಗಟ್ಟಿ. ಬ್ಯಾಂಕಿನ ಆರ್‌ಡಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಹತ್ತಿ ಬಂದರೂ ಒಂದೇ, ಬರದಿದ್ದರೂ ಒಂದೇ.

ಚೀಟಿ ಮುರಿಯುವ ಮುಂಚೆ ಸದ್ದು ಮಾಡುತ್ತದೆ. ಎತ್ತಿದ ಹಣ ‘ಬರೋ ವಾರ ಕೊಡ್ತೀನಿ’ ಎಂದು ಮುಂದೆ ಹೋಗುತ್ತದೆ. ಹರಾಜು ಎಲ್ಲರೆದುರು ನಡೆಯದೆ ಫೋನಿನಲ್ಲೇ ಮುಗಿಯುತ್ತದೆ. ನೋಟುಪುಸ್ತಕದಲ್ಲಿ ಎಂದೂ ಮುಖ ಕಾಣದವರ ಹೆಸರುಗಳಿರುತ್ತವೆ, ಅವರ ಹೆಸರಿನಲ್ಲಿ ಎತ್ತಿದವರು ನಡೆಸುವವರೇ. ಹಳೆಯ ಚೀಟಿ ಮುಗಿಯುವ ಮೊದಲೇ ಎರಡು ಹೊಸ ಚೀಟಿ ಶುರುವಾಗುತ್ತವೆ, ಹೊಸದರ ದುಡ್ಡು ಹಳೆಯದರ ಬಾಕಿಗೆ ಹೋಗುತ್ತದೆ. ಕಾದು ಲಾಭ ಮಾಡಿಕೊಳ್ಳೋಣ ಎಂದು ಕೂತವರಿಗೇ ಇದರಲ್ಲಿ ಪೆಟ್ಟು ಜಾಸ್ತಿ. ಎತ್ತಿದವರು ಎತ್ತಿ ಆಗಿರುತ್ತದೆ.

ಕಾನೂನು ಇಲ್ಲವೆಂದಲ್ಲ. 1982ರ ಚಿಟ್ ಫಂಡ್ಸ್ ಕಾಯ್ದೆಯ ಪ್ರಕಾರ ಪ್ರತಿಯೊಂದು ಚೀಟಿಗೂ ಸರ್ಕಾರದ ಮುಂಚಿತ ಅನುಮತಿ ಬೇಕು, ಒಪ್ಪಂದ ನೋಂದಣಿ ಆಗಬೇಕು. ಚೀಟಿಯ ಮೊತ್ತದಷ್ಟು ಹಣವನ್ನು ನಡೆಸುವವರು ಚೀಟಿ ನಿಬಂಧಕರ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು, ಅಥವಾ ಅದಕ್ಕೆ ತಕ್ಕ ಭದ್ರತಾ ಪತ್ರ ಕೊಡಬೇಕು. ಒಬ್ಬ ವ್ಯಕ್ತಿ ನಡೆಸಬಹುದಾದ ಚೀಟಿಗಳ ಒಟ್ಟು ಮೊತ್ತ ಮೂರು ಲಕ್ಷ ಮೀರುವಂತಿಲ್ಲ. ಹರಾಜಿನಲ್ಲಿ ಕನಿಷ್ಠ ಇಬ್ಬರು ಸದಸ್ಯರು ಹಾಜರಿರಬೇಕು. ಜಗಳ ಬಂದರೆ ಕೋರ್ಟಿಗಲ್ಲ, ನಿಬಂಧಕರ ಮುಂದೆ ತೀರ್ಮಾನ. ಓಣಿಯ ಚೀಟಿಗಳಿಗೆ ಇದಾವುದೂ ಇರುವುದಿಲ್ಲ. ಕಾಯ್ದೆಯ ಕಣ್ಣಿನಲ್ಲಿ ಅವು ಅಕ್ರಮ. ನಂಬಿಕೆಯ ಮೇಲೆ ಎಷ್ಟೋ ಚೀಟಿಗಳು ಸುಸೂತ್ರವಾಗಿ ಮುಗಿದಿವೆ, ನಾನೂ ನೋಡಿದ್ದೇನೆ. ಮುರಿದಾಗ ಮಾತ್ರ ತೋರಿಸಲು ಒಂದು ಕಾಗದವೂ ಇರುವುದಿಲ್ಲ. ಸರ್ಕಾರದ್ದೇ ಬೇಕೆನ್ನುವವರಿಗೆ ರಾಜ್ಯದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಒಂದು ಮಾತು ಸೇರಿಸಬೇಕು: 2013ರಲ್ಲಿ ಪಶ್ಚಿಮ ಬಂಗಾಳದಲ್ಲಿ ಕುಸಿದ ಶಾರದಾ ಕಂಪನಿಯನ್ನು ಪತ್ರಿಕೆಗಳು ಚಿಟ್ ಫಂಡ್ ಎಂದೇ ಕರೆದವು. ಅಲ್ಲಿ ಹರಾಜೂ ಇರಲಿಲ್ಲ, ಸರದಿಯೂ ಇರಲಿಲ್ಲ. ಜನರಿಂದ ಠೇವಣಿ ಎತ್ತಿದ ಬೇರೆಯೇ ವ್ಯವಹಾರ ಅದು.

ಆರ್‌ಡಿಗೂ ಅಪಾಯವಿದೆ, ಅದರ ಜಾತಿ ಬೇರೆ. ಅಂಚೆ ಕಚೇರಿಯ ಐದು ವರ್ಷದ ಆರ್‌ಡಿ ತೆಗೆದುಕೊಳ್ಳಿ. ಕಂತು ತಪ್ಪಿದರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ದಂಡ. ಮೂರು ವರ್ಷ ತುಂಬುವ ಮುಂಚೆ ಮುರಿಯುವಂತಿಲ್ಲ, ಆಮೇಲೆ ಮುರಿದರೂ ಸಿಗುವುದು ಉಳಿತಾಯ ಖಾತೆಯ ಬಡ್ಡಿ. ಮದುವೆ ಇಪ್ಪತ್ತು ತಿಂಗಳಿಗಿರುವ ಅಕ್ಕನಿಗೆ ಅದು ಒಪ್ಪುವುದಿಲ್ಲ, ಬ್ಯಾಂಕಿನದೇ ಸರಿ. ಬೆಲೆ ಏರಿಕೆಯಲ್ಲಿ ಬಡ್ಡಿ ಕರಗುವುದೂ ನಿಜ.

ನಿಜವಾಗಿ ಎಡವುವುದು ಬೋರ್ಡು ಓದದೆ. ನಮ್ಮ ಪೇಟೆಗಳಲ್ಲಿ ‘ಸೌಹಾರ್ದ’, ‘ಪತ್ತಿನ ಸಹಕಾರಿ’ ಎಂಬ ಬೋರ್ಡುಗಳೂ ಆರ್‌ಡಿ, ಪಿಗ್ಮಿ ಎಂದು ಹಣ ಕಟ್ಟಿಸಿಕೊಳ್ಳುತ್ತವೆ, ಬ್ಯಾಂಕಿಗಿಂತ ಬಡ್ಡಿ ಜಾಸ್ತಿ. ಅವು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಬ್ಯಾಂಕುಗಳಲ್ಲ, ಅವುಗಳ ಠೇವಣಿಗೆ ವಿಮೆ ಇಲ್ಲ. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಪರವಾನಗಿ ಇರುವ ಸಹಕಾರಿ ಬ್ಯಾಂಕು ಇವುಗಳಲ್ಲಿ ಒಬ್ಬರ ಹೆಸರಿನ ಠೇವಣಿ ಬಡ್ಡಿ ಸೇರಿ ಐದು ಲಕ್ಷದವರೆಗೆ ವಿಮೆಯಲ್ಲಿರುತ್ತದೆ. 2020ರ ಫೆಬ್ರುವರಿವರೆಗೆ ಅದು ಒಂದೇ ಲಕ್ಷವಿತ್ತು. ವಿಮೆ ಇದ್ದರೂ ಹಣ ತಕ್ಷಣ ಸಿಗುತ್ತದೆ ಎಂದಲ್ಲ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿದಾಗ ಠೇವಣಿದಾರರು ತೆಗೆಯಬಹುದಾಗಿದ್ದದ್ದು 35,000 ಮಾತ್ರ.

ಅಕ್ಕ ಮದುವೆಯ ಹಣಕ್ಕೆ ಬ್ಯಾಂಕಿನಲ್ಲಿ ಆರ್‌ಡಿ ತೆರೆದರು. ತಾರೀಕು ಗೊತ್ತಿರುವ ಖರ್ಚಿನ ದುಡ್ಡನ್ನು ಹರಾಜಿಗೆ ಬಿಡಬಾರದೆಂಬುದು ನನ್ನ ಮತ. ಆಸೆ ಪೂರ್ತಿ ಹೋಗಲಿಲ್ಲ, ಸಾವಿರ ರೂಪಾಯಿಯ ಒಂದು ಸಣ್ಣ ಚೀಟಿ ಸೇರುತ್ತೇನೆ ಅಂದರು. ಸೇರುವವರು ಒಂದು ಕೆಲಸ ಮಾಡಿ. ಮೊದಲ ಕಂತು ಕೊಡುವ ಮುಂಚೆ ನೋಂದಣಿ ಸಂಖ್ಯೆ ಇರುವ ಒಪ್ಪಂದದ ಪ್ರತಿ ಕೇಳಿ, ಆ ಸಂಖ್ಯೆಯನ್ನು ಬರೆದುಕೊಂಡು ಸಹಕಾರ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಹರಪನಹಳ್ಳಿಯವರು ಹಿಂದೆ ಇಂಥದ್ದಕ್ಕೆ ದಾವಣಗೆರೆ ಕಡೆ ನೋಡುತ್ತಿದ್ದರು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಆರೂ ತಾಲ್ಲೂಕಿಗೆ ಜಿಲ್ಲಾ ಕೇಂದ್ರ ಹೊಸಪೇಟೆಯೇ.