ಆಮ್ಲಮಳೆ: ಕೆರೆ ನೀರಿನ ಕ್ಷಾರೀಯತೆಯೇ ಮೊದಲ ಸೂಚನೆ

ಮಲಿನವಾಗದ ಗಾಳಿಯಲ್ಲಿ ಬೀಳುವ ಮಳೆಯೂ ಸ್ವಲ್ಪ ಆಮ್ಲೀಯವಾಗಿರುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗುವುದರಿಂದ ಅದರ ಪಿ.ಎಚ್. ಮೌಲ್ಯ ಸುಮಾರು 5.6 ಆಗಿರುತ್ತದೆ. ಕಲ್ಲಿದ್ದಲು ಉರಿದಾಗ ಅದರಲ್ಲಿನ ಗಂಧಕವು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ವಾಹನಗಳ ಎಂಜಿನ್ ಹಾಗೂ ಕುಲುಮೆಗಳ ಅಧಿಕ ಶಾಖದಲ್ಲಿ ಸಾರಜನಕದ ಆಕ್ಸೈಡ್‌ಗಳು ಉಂಟಾಗುತ್ತವೆ. ಇವು ಗಾಳಿಯಲ್ಲಿ ಹಾಗೂ ಮೋಡದ ಹನಿಗಳಲ್ಲಿ ಮತ್ತಷ್ಟು ಉತ್ಕರ್ಷಣಗೊಂಡು ಸಲ್ಫ್ಯೂರಿಕ್ ಮತ್ತು ನೈಟ್ರಿಕ್ ಆಮ್ಲಗಳಾಗುತ್ತವೆ. ಪಿ.ಎಚ್. ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಹೆಚ್ಚಿದಂತೆ.

ಈ ಆಮ್ಲವು ಅಮೃತಶಿಲೆ ಮತ್ತು ಸುಣ್ಣಕಲ್ಲಿನ ಕಟ್ಟಡಗಳ ಕ್ಯಾಲ್ಸಿಯಂ ಕಾರ್ಬೊನೇಟನ್ನು ಜಿಪ್ಸಂ ಆಗಿ ಮಾರ್ಪಡಿಸುತ್ತದೆ. ಮಳೆ ನೇರವಾಗಿ ತಾಗುವೆಡೆ ಜಿಪ್ಸಂ ತೊಳೆದುಹೋಗಿ ಕೆತ್ತನೆ ಸವೆಯುತ್ತದೆ. ಮರೆಯಿರುವೆಡೆ ಮಸಿ ಸೇರಿ ಕಪ್ಪು ಪದರವಾಗಿ, ಮುಂದೆ ಹಕ್ಕಳೆಯಾಗಿ ಉದುರುತ್ತದೆ. ಮಣ್ಣಿನಲ್ಲಿ ಆಮ್ಲವು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಅವು ಬರಿದಾದ ಮೇಲೆ ಅಲ್ಯೂಮಿನಿಯಂ ಕರಗಿ ಬೇರುಗಳಿಗೆ ಹಾನಿ ಮಾಡುತ್ತದೆ. ಕೆರೆ, ಸರೋವರಗಳನ್ನು ಸೇರಿದಾಗ ಮೀನಿನ ಕಿವಿರುಗಳನ್ನು ಕೆಡಿಸುತ್ತದೆ.

ಒಂದೇ ಮಳೆ ಒಂದು ಕೆರೆಯನ್ನು ಕೆಡಿಸಿ ಇನ್ನೊಂದನ್ನು ಕೆಡಿಸದಿರಲು ಕಾರಣ ನೀರಿನ ಕ್ಷಾರೀಯತೆ. ಪಿ.ಎಚ್. 4 ಇರುವ ಮಳೆ ಬೀಳುತ್ತದೆಯೆಂದು ಭಾವಿಸೋಣ. ಲೀಟರಿಗೆ 100 ಮಿ.ಗ್ರಾಂ ಕ್ಷಾರೀಯತೆಯುಳ್ಳ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಒಂದು ಲೀಟರ್ ನೀರು ಅಂತಹ 20 ಲೀಟರ್ ಮಳೆಯ ಆಮ್ಲವನ್ನು ತಟಸ್ಥಗೊಳಿಸಬಲ್ಲದು. ಕ್ಷಾರೀಯತೆ 10 ಮಿ.ಗ್ರಾಂ ಮಾತ್ರ ಇದ್ದರೆ 2 ಲೀಟರ್ ಮಳೆಗೇ ಅದು ಮುಗಿಯುತ್ತದೆ. ಮುಗಿಯುವವರೆಗೆ ಪಿ.ಎಚ್. ಹೆಚ್ಚು ಇಳಿಯುವುದಿಲ್ಲ, ಮುಗಿದೊಡನೆ ತೀವ್ರವಾಗಿ ಕುಸಿಯುತ್ತದೆ. ಆದ್ದರಿಂದ ಪಿ.ಎಚ್. ಒಂದನ್ನೇ ಅಳೆದರೆ ಅಪಾಯ ತಡವಾಗಿ ತಿಳಿಯುತ್ತದೆ. ಆಮ್ಲೀಯವಾದ ನೀರು ಹಲವೊಮ್ಮೆ ಮೊದಲಿಗಿಂತ ತಿಳಿಯಾಗಿ ಕಾಣುವುದರಿಂದ ಕಣ್ಣಳತೆಯನ್ನೂ ನಂಬುವಂತಿಲ್ಲ.

ಸ್ವೀಡನ್‌ನಲ್ಲಿ ಸಂಭವಿಸಿದ್ದು ಇದೇ. ಅಲ್ಲಿನ ಬಹುಭಾಗದ ತಳಶಿಲೆ ಗ್ರಾನೈಟ್ ಮತ್ತು ನೈಸ್. ಅವುಗಳಿಂದ ನೀರಿಗೆ ಸೇರುವ ಕ್ಷಾರ ಅತ್ಯಲ್ಪ. ಬ್ರಿಟನ್ ಹಾಗೂ ಮಧ್ಯ ಯುರೋಪಿನ ಹೊಗೆಯೇ ತಮ್ಮ ಸರೋವರಗಳನ್ನು ಆಮ್ಲೀಯಗೊಳಿಸುತ್ತಿದೆಯೆಂದು ಮಣ್ಣುವಿಜ್ಞಾನಿ ಸ್ವಾಂತೆ ಓಡೆನ್ 1967ರಲ್ಲಿ ತೋರಿಸಿಕೊಟ್ಟರು. 1970ರ ದಶಕದಿಂದ ಸರೋವರಗಳಿಗೆ ಸುಣ್ಣಕಲ್ಲಿನ ಪುಡಿ ಹಾಕಲಾಯಿತು. ಆದರೆ ಹೊಸ ನೀರು ಬಂದಂತೆ ಹಾಕಿದ ಸುಣ್ಣ ಹೊರಹರಿಯುವುದರಿಂದ ಪದೇ ಪದೇ ಹಾಕಬೇಕಾಯಿತು. 1979ರ ಜಿನೀವಾ ಒಪ್ಪಂದ ಹಾಗೂ ಅದರ ಮುಂದಿನ ಕ್ರಮಗಳಿಂದ ಗಂಧಕದ ಹೊಗೆ ತಗ್ಗಿದ ಬಳಿಕವೇ ಚೇತರಿಕೆ ಆರಂಭವಾಯಿತು. ಮಣ್ಣು ಕಳೆದುಕೊಂಡ ಕ್ಯಾಲ್ಸಿಯಂ ಮಾತ್ರ ಬಹು ನಿಧಾನವಾಗಿ ಮರಳುತ್ತಿದೆ.

ನಮ್ಮ ಬಯಲುಸೀಮೆಯ ಗಾಳಿಯಲ್ಲಿರುವ ಸುಣ್ಣದಂಶದ ಧೂಳು ಮಳೆಯ ಆಮ್ಲವನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಹೆಚ್ಚು ಮಳೆಯಿಂದ ಕ್ಷಾರಾಂಶ ಈಗಾಗಲೇ ತೊಳೆದುಹೋಗಿರುವ ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣಿಗೆ ಅಂತಹ ರಕ್ಷಣೆ ಕಡಿಮೆ. ನೀರಿನ ಕ್ಷೇತ್ರ ಪರೀಕ್ಷಾ ಕಿಟ್‌ನಿಂದ ಪಿ.ಎಚ್. ಜೊತೆಗೆ ಕ್ಷಾರೀಯತೆಯನ್ನೂ ಅಳೆಯಬಹುದು. ಪ್ರತಿ ವರ್ಷ ಮುಂಗಾರಿಗೆ ಮುನ್ನ ಹಾಗೂ ನಂತರ, ಅದೇ ಕೆರೆಯ ಅದೇ ಸ್ಥಳದ ನೀರನ್ನು ಅಳೆದು ದಾಖಲಿಸತಕ್ಕದ್ದು. ಮಳೆ ನೀರು ಬೆರೆತು ಒಂದೇ ವರ್ಷದಲ್ಲಿ ಆಗುವ ಇಳಿಕೆ ಸಹಜ. ಒಂದೇ ಋತುವಿನ ಅಳತೆ ವರ್ಷದಿಂದ ವರ್ಷಕ್ಕೆ ತಗ್ಗುತ್ತಿದ್ದರೆ ಮಾತ್ರ ಕಾರಣವನ್ನು ಪರಿಶೀಲಿಸಬೇಕಾಗುತ್ತದೆ.