ಪುಡಿಬೆಲ್ಲದ ಲಾಭದ ಲೆಕ್ಕದಲ್ಲಿ ಅಚ್ಚುಬೆಲ್ಲಕ್ಕೂ ಜಾಗವಿರಲಿ

ಸ್ವಂತ ಆಲೆಮನೆಯಿದ್ದು ಅಚ್ಚುಬೆಲ್ಲವನ್ನು ಸಂತೆಯಲ್ಲಿ ತಾವೇ ಮಾರುವ ಕಬ್ಬು ಬೆಳೆಗಾರರಲ್ಲಿ ಹಲವರು ಪುಡಿಬೆಲ್ಲ ತಯಾರಿಸಲು ಯೋಚಿಸುತ್ತಿದ್ದಾರೆ. ಪುಡಿಬೆಲ್ಲಕ್ಕೆ ಪಾಕವನ್ನು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಆರುವಾಗ ಉಜ್ಜಿ ಪುಡಿಮಾಡಿ, ಜರಡಿ ಹಿಡಿದು, ತೇವಾಂಶ ಶೇಕಡಾ 2ಕ್ಕಿಂತ ಕಡಿಮೆಯಾಗುವಂತೆ ಒಣಗಿಸಬೇಕು. ಆದ್ದರಿಂದ ಖರ್ಚು ಹೆಚ್ಚು, ಬೆಲೆಯೂ ಹೆಚ್ಚು. ಆದರೆ ಇದನ್ನು ಕೊಳ್ಳುವವರಲ್ಲಿ ಅನೇಕರು ನಿಮ್ಮ ಅಚ್ಚುಬೆಲ್ಲದ ಹಳೆಯ ಗಿರಾಕಿಗಳೇ ಆಗಿರುತ್ತಾರೆ. ಹೊಸ ಸರಕು ಹಳೆಯದರ ಮಾರಾಟವನ್ನು ತಿನ್ನುತ್ತದೆ. ಇದನ್ನು ಬಿಟ್ಟು ಹಾಕಿದ ಲೆಕ್ಕ ಸರಿಯಾಗದು.

ಒಂದು ಉದಾಹರಣೆಯನ್ನು ನೋಡೋಣ. ಅಂಕಿಗಳು ಕೇವಲ ಲೆಕ್ಕಕ್ಕಾಗಿ. ನಿಮ್ಮವನ್ನು ನೀವೇ ಹಾಕಿಕೊಳ್ಳಿ.

ಅಚ್ಚುಬೆಲ್ಲದ ಬೆಲೆ ಕಿಲೋಗೆ 50 ರೂಪಾಯಿ, ಕಬ್ಬು, ಕೂಲಿ, ಉರುವಲು ಸೇರಿ ಖರ್ಚು 40, ಉಳಿಯುವುದು 10. ಪುಡಿಬೆಲ್ಲದ ಬೆಲೆ 70, ಪೊಟ್ಟಣವೂ ಸೇರಿ ಖರ್ಚು 52, ಉಳಿಯುವುದು 18. ಒಣಗಿಸುವ ಪೆಟ್ಟಿಗೆ, ಜರಡಿ ಮುಂತಾದವುಗಳಿಗೆ 1,50,000 ರೂಪಾಯಿ ಬಂಡವಾಳ. ವರ್ಷಕ್ಕೆ 4,000 ಕಿಲೋ ಮಾರಾಟವಾದರೆ 72,000 ರೂಪಾಯಿ ಉಳಿಯುತ್ತದೆ. ಬಡ್ಡಿಯನ್ನು ಬಿಟ್ಟರೆ ಎರಡು ವರ್ಷ ಒಂದು ತಿಂಗಳಲ್ಲಿ ಬಂಡವಾಳ ವಾಪಸು ಬಂದಂತೆ ಕಾಣುತ್ತದೆ.

ಈ 4,000 ಕಿಲೋದಲ್ಲಿ 2,500 ಕಿಲೋ ಅಚ್ಚುಬೆಲ್ಲ ಬಿಟ್ಟು ಬಂದವರ ಖರೀದಿಯೆಂದು ಭಾವಿಸೋಣ. ಆಗ ಅಚ್ಚುಬೆಲ್ಲದಲ್ಲಿ 25,000 ರೂಪಾಯಿ ಕೈತಪ್ಪುತ್ತದೆ. ನಿಜವಾಗಿ ಹೆಚ್ಚುವರಿ ಬರುವುದು 47,000 ಮಾತ್ರ. ಬಂಡವಾಳ ಮರಳಲು ಮೂರು ವರ್ಷ ಮೀರುತ್ತದೆ.

ಕೆಲವರು ಕಿಲೋಗೆ 50ರಂತೆ 1,25,000 ರೂಪಾಯಿಯನ್ನೇ ಕಳೆದು, ಪುಡಿಬೆಲ್ಲ ನಷ್ಟವೆಂದು ಕೈಬಿಡುತ್ತಾರೆ. ಇದೂ ತಪ್ಪು. ಆ ಅಚ್ಚುಬೆಲ್ಲ ತಯಾರಾಗದಿದ್ದರೆ ಅದರ 40 ರೂಪಾಯಿ ಖರ್ಚೂ ಆಗುವುದಿಲ್ಲ. ಆದರೆ ಗಾಣದ ಸಾಲದ ಬಡ್ಡಿ, ಆಲೆಮನೆಯ ಬಾಡಿಗೆ ಇವು ಮಾರಾಟ ಇಳಿದರೂ ಇಳಿಯುವುದಿಲ್ಲ. ಆದ್ದರಿಂದ ಇವನ್ನು ಆ 40ರಲ್ಲಿ ಸೇರಿಸಕೂಡದು.

ಇನ್ನೊಂದು ಸೂಕ್ಷ್ಮವಿದೆ. ಪಕ್ಕದವರು ಈಗಾಗಲೇ ಪುಡಿಬೆಲ್ಲ ಮಾರುತ್ತಿದ್ದರೆ, ನೀವು ಮಾಡದಿದ್ದರೂ ಕೆಲವು ಗಿರಾಕಿಗಳು ಅತ್ತ ಹೋಗುತ್ತಿದ್ದರು. 2,500ರಲ್ಲಿ 1,000 ಕಿಲೋ ಹೀಗೆ ಹೋಗುವಂಥದಾದರೆ ಆ ನಷ್ಟಕ್ಕೆ ನಿಮ್ಮ ಪುಡಿಬೆಲ್ಲ ಕಾರಣವಲ್ಲ. ಕಳೆಯಬೇಕಾದ್ದು 1,500 ಕಿಲೋಗೆ 15,000 ರೂಪಾಯಿ, ಹೆಚ್ಚುವರಿ 57,000.

ಎಷ್ಟು ಗಿರಾಕಿ ಕದಲುತ್ತಾರೆಂದು ಊಹಿಸುವ ಬದಲು ಅಳೆಯಬಹುದು. ಯಂತ್ರ ಕೊಳ್ಳುವ ಮೊದಲು ಬಿಸಿಲಿನಲ್ಲಿ ಒಣಗಿಸಿದ ಸ್ವಲ್ಪ ಪುಡಿಬೆಲ್ಲವನ್ನು ಸಿದ್ಧಮಾಡಿಕೊಳ್ಳಿ. ಅಚ್ಚುಬೆಲ್ಲ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೋಗುವ ಎರಡು ಸಂತೆಗಳನ್ನು ಆರಿಸಿ, ಒಂದರಲ್ಲಿ ಮಾತ್ರ ಎಂಟು ವಾರ ಪುಡಿಯನ್ನೂ ಇಡಿ. ಎರಡೂ ಕಡೆಯ ಮಾರಾಟವನ್ನು ಪ್ರತಿ ವಾರ ಬರೆದಿಡಿ. ಹೊಸದೆಂಬ ಕುತೂಹಲಕ್ಕೆ ಕೊಳ್ಳುವವರಿರುವುದರಿಂದ ಮೊದಲ ಎರಡು ವಾರಗಳನ್ನು ಬಿಡಿ. ಪುಡಿಯಿಟ್ಟ ಸಂತೆಯಲ್ಲಿ ಅಚ್ಚುಬೆಲ್ಲ 40 ಕಿಲೋ, ಇಡದ ಸಂತೆಯಲ್ಲಿ 10 ಕಿಲೋ ಇಳಿದಿದ್ದರೆ, ನಿಮ್ಮ ಪುಡಿ ತಿಂದದ್ದು 30 ಕಿಲೋ. ಅಷ್ಟರಲ್ಲಿ 80 ಕಿಲೋ ಪುಡಿ ಮಾರಾಟವಾಗಿದ್ದರೆ, ವರ್ಷದ 4,000 ಕಿಲೋಗೆ ಇದೇ ಪ್ರಮಾಣದಲ್ಲಿ 1,500 ಕಿಲೋ ಎಂದು ಹಿಡಿಯಬಹುದು.