ನಲವತ್ತು ಕ್ಲಿಪ್, ಎಂಟು ನಿಮಿಷ

ಪ್ರಶ್ನೆ: ನಮ್ಮೂರ ಸರ್ಕಾರಿ ಪ್ರೌಢಶಾಲೆಯ ಗಣಿತ ಮೇಷ್ಟ್ರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಬೀಳ್ಕೊಡುಗೆ ಸಮಾರಂಭದಲ್ಲಿ ತೋರಿಸಲು 8 ನಿಮಿಷದ ವಿಡಿಯೊ ಮಾಡಬೇಕೆಂದು ಹಳೆಯ, ಈಗಿನ ವಿದ್ಯಾರ್ಥಿಗಳಿಂದ 40 ಕ್ಲಿಪ್‌ಗಳನ್ನೂ ಒಂದಷ್ಟು ಸಂದೇಶಗಳನ್ನೂ ವಾಟ್ಸಾಪ್‌ನಲ್ಲಿ ತರಿಸಿದ್ದೇವೆ. ಎಲ್ಲರೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿದ್ದಾರೆ. ಸ್ಕ್ರಿಪ್ಟ್ ಬರೆಯುವುದು ಹೇಗೆ?

ಉತ್ತರ: ಬರೆಯಲು ಕೂರುವ ಮೊದಲು ಒಂದು ಲೆಕ್ಕ ಹಾಕಿ. 8 ನಿಮಿಷವೆಂದರೆ 480 ಸೆಕೆಂಡು. ಎಲ್ಲರಿಗೂ ಸಮನಾಗಿ ಹಂಚಿದರೆ ತಲೆಗೆ 12 ಸೆಕೆಂಡು ಸಿಗುತ್ತದೆ. ಹೆಸರು, ಬ್ಯಾಚು, ‘ಸರ್‌ಗೆ ನಮಸ್ಕಾರ’ ಹೇಳುವಷ್ಟರಲ್ಲಿ ಅದು ಮುಗಿದಿರುತ್ತದೆ. ಎಲ್ಲರ ಮಾತೂ ಒಂದೇ ಥರ ಕೇಳಿಸಲು ಇದೂ ಒಂದು ಕಾರಣ. ಹೆಸರು, ಬ್ಯಾಚನ್ನು ಪರದೆಯ ಕೆಳಗೆ ಅಕ್ಷರದಲ್ಲಿ ಹಾಕಿ, ಮಾತಿನಿಂದ ತೆಗೆದುಬಿಡಿ. 15 ಜನರನ್ನು ಆರಿಸಿ ತಲಾ 20 ಸೆಕೆಂಡು ಕೊಟ್ಟರೆ 5 ನಿಮಿಷವಾಯಿತು. ಮಿಕ್ಕ 3 ನಿಮಿಷ ಹಳೆಯ ಫೋಟೊ, ಶಾಲೆಯ ದೃಶ್ಯ, ನಿರೂಪಣೆಗೆ ಸಾಕು.

ಆ 15 ಜನರನ್ನು ಆರಿಸಲು ಕ್ಲಿಪ್‌ಗಳಲ್ಲಿರುವುದನ್ನು ಮೊದಲು ಕಾಗದಕ್ಕೆ ಇಳಿಸಲೇಬೇಕು. ಯಾರು, ಎಷ್ಟನೇ ಸೆಕೆಂಡಿನಲ್ಲಿ, ಏನು ಹೇಳಿದರು ಎಂಬುದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಬೇಸರದ ಕೆಲಸ, ಆದರೆ ಸ್ಕ್ರಿಪ್ಟ್ ಹುಟ್ಟುವುದು ಅಲ್ಲೇ. ಬರೆದ ಮೇಲೆ ‘ಮಾರ್ಗದರ್ಶಕರು’, ‘ಶಿಸ್ತಿನ ಸಿಪಾಯಿ’ಯಂಥ ಹೊಗಳಿಕೆಯನ್ನೆಲ್ಲ ಪೆನ್ಸಿಲಿನಲ್ಲಿ ಹೊಡೆದುಹಾಕಿ, ಮೇಷ್ಟ್ರು ಏನಾದರೂ ಮಾಡುತ್ತಿರುವ ಸಾಲುಗಳನ್ನು ಮಾತ್ರ ಉಳಿಸಿ.

ನೀವು ಮಾದರಿಗೆಂದು ಬರೆದು ಕಳಿಸಿದ ಆರು ಜನರ ಮಾತನ್ನೇ ನೋಡಿ. ಬೆಂಗಳೂರಿನ ಎಂಜಿನಿಯರ್ ‘ಬೋರ್ಡ್ ಮೇಲೆ ನಾನು ತಪ್ಪು ಬರೆದರೆ ಸರ್ ಅಳಿಸುತ್ತಿರಲಿಲ್ಲ’ ಎಂದಿದ್ದಾರೆ. ಅಂಗಡಿ ಇಟ್ಟಿರುವವರು ‘ಯಾವ ಸಾಲಲ್ಲಿ ತಪ್ಪಿದೆ, ನೀನೇ ಹುಡುಕು ಅಂತ ಚಾಕ್‌ಪೀಸ್ ಕೈಗೆ ಕೊಡೋರು’ ಎಂದಿದ್ದಾರೆ. ಈಗ ಹತ್ತನೇ ತರಗತಿಯಲ್ಲಿರುವ ಹುಡುಗಿಯದೂ ಹೆಚ್ಚುಕಡಿಮೆ ಅದೇ ಮಾತು. ಬೇರೆ ಬೇರೆ ಕಾಲದಲ್ಲಿ ಕಲಿತ ಮೂವರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಅಭ್ಯಾಸವನ್ನು ನೆನೆದಿದ್ದಾರೆ. ನಿಮ್ಮ ವಿಡಿಯೊದ ಎಳೆ ಇದೇ. ಬ್ಯಾಚಿನ ಕ್ರಮದಲ್ಲಿ ಜೋಡಿಸುವುದನ್ನು ಬಿಟ್ಟು ಈ ಮೂವರನ್ನು ಒಬ್ಬರ ಹಿಂದೊಬ್ಬರಂತೆ ಇಡಿ. ಪುಟವನ್ನು ಎರಡು ಕಾಲಂ ಮಾಡಿ, ಎಡಕ್ಕೆ ಕಾಣುವುದನ್ನೂ ಬಲಕ್ಕೆ ಕೇಳುವುದನ್ನೂ ಬರೆಯಿರಿ. ಮೊದಲ ನಿಮಿಷ ಹೀಗಿರಬಹುದು:

ದೃಶ್ಯ: ಖಾಲಿ ತರಗತಿ, ಕಪ್ಪು ಹಲಗೆ, ಅದರ ಮೇಲೆ ತಪ್ಪಾದ ಒಂದು ಲೆಕ್ಕ.
ಧ್ವನಿ: (ಎಂಜಿನಿಯರ್, ಮುಖ ಕಾಣುವ ಮೊದಲೇ) ‘ತಪ್ಪು ಬರೆದರೆ ಸರ್ ಅಳಿಸುತ್ತಿರಲಿಲ್ಲ.’
ದೃಶ್ಯ: ಎಂಜಿನಿಯರ್, ನಂತರ ಅಂಗಡಿಯಲ್ಲಿ ನಿಂತವರು.
ಧ್ವನಿ: ‘ನೀನೇ ಹುಡುಕು ಅಂತ ಚಾಕ್‌ಪೀಸ್ ಕೈಗೆ ಕೊಡೋರು.’
ದೃಶ್ಯ: ಹತ್ತನೇ ತರಗತಿಯ ಹುಡುಗಿ ಹಲಗೆಯ ಮುಂದೆ.
ನಿರೂಪಣೆ: ‘ಈ ಶಾಲೆಯಲ್ಲಿ ಗಣಿತ ಕಲಿತವರಿಗೆ ಈ ಚಾಕ್‌ಪೀಸ್ ಗೊತ್ತು.’

ನಿರೂಪಣೆಯ ಪಾಲು ಇಷ್ಟೇ ಇರಲಿ. ಕ್ಲಿಪ್ ಹೇಳಿದ್ದನ್ನೇ ನಿರೂಪಕರು ಮತ್ತೆ ಹೇಳಿದರೆ ಎರಡೂ ಸಪ್ಪೆಯಾಗುತ್ತವೆ. ಸೇವೆಗೆ ಸೇರಿದ ವರ್ಷ, ದುಡಿದ ಶಾಲೆಗಳ ಹೆಸರಿನಂಥ, ವಿದ್ಯಾರ್ಥಿಗಳಿಗೆ ಗೊತ್ತಿರದ ಸಂಗತಿಗಳನ್ನಷ್ಟೇ ನಿರೂಪಕರಿಗೆ ಬಿಡಿ. ಬರಹದ ಸಂದೇಶಗಳನ್ನು ಪರದೆ ತುಂಬ ಹಾಕಬೇಡಿ. ಹಿಂದಿನ ಸಾಲಿನ ಅಜ್ಜ ಓದಿ ಮುಗಿಸುವ ಮೊದಲೇ ಅದು ಹೋಗಿರುತ್ತದೆ. ಒಂದೊಂದು ವಾಕ್ಯ ಆರಿಸಿ, ಈಗಿನ ಮಕ್ಕಳಿಂದ ಓದಿಸಿ.

ಬರೀ ಹೊಗಳಿಕೆ ಕಳಿಸಿದವರಿಗೆ ಫೋನ್ ಮಾಡಿ ‘ಸರ್ ತರಗತಿಗೆ ಬಂದ ಕೂಡಲೇ ಮೊದಲು ಏನು ಮಾಡುತ್ತಿದ್ದರು?’ ಎಂದು ಕೇಳಿ. ‘ನಿಮ್ಮ ಅನಿಸಿಕೆ ಹೇಳಿ’ ಎಂದರೆ ಭಾಷಣವೇ ಬರುತ್ತದೆ. ಮತ್ತೆ ಚಿತ್ರೀಕರಿಸುವಾಗ ಫೋನನ್ನು ಅಡ್ಡಲಾಗಿ ಹಿಡಿಯಲು, ಫ್ಯಾನ್ ನಿಲ್ಲಿಸಲು, ಕ್ಲಿಪ್ಪನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮಾಮೂಲಿ ವಿಡಿಯೊ ಆಗಿ ಕಳಿಸಿದರೆ ಆ್ಯಪ್ ಅದನ್ನು ಕುಗ್ಗಿಸುತ್ತದೆ, ದೊಡ್ಡ ಪರದೆಯಲ್ಲಿ ಮುಖ ಮಸುಕಾಗುತ್ತದೆ. ದನಿ ಸ್ಪಷ್ಟವಿಲ್ಲದ ಒಳ್ಳೆಯ ಮಾತಿದ್ದರೆ ಅಡಿಯಲ್ಲಿ ಕನ್ನಡದಲ್ಲೇ ಅಕ್ಷರ ಕೊಡಿ.

ಬೆತ್ತದ ಏಟಿನ ನೆನಪುಗಳೂ ಬಂದಿರಬಹುದು. ಹಳಬರು ಅದನ್ನು ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಬಿಡಿ ಎನ್ನುತ್ತೇನೆ. ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಸಭೆಯಲ್ಲಿ ಅಧಿಕಾರಿಗಳೂ ಮಕ್ಕಳೂ ಇರುತ್ತಾರೆ, ಸನ್ಮಾನದ ಕುರ್ಚಿಯಲ್ಲಿ ಮೇಷ್ಟ್ರು ಮುದುಡಿ ಕೂರುವಂತಾಗಬಾರದು.

ವಿಡಿಯೊವನ್ನು ಮೇಷ್ಟ್ರ ಮಾತಿಗೆ ಸ್ವಲ್ಪವೇ ಮುಂಚೆ ತೋರಿಸಬೇಡಿ, ಗಂಟಲು ಕಟ್ಟಿ ಅವರಿಗೆ ಮಾತೇ ಹೊರಡದು. ನಡುವೆ ಮುಖ್ಯೋಪಾಧ್ಯಾಯರ ಭಾಷಣವೊಂದಿರಲಿ. ವಿಡಿಯೊದಲ್ಲಿ ಸೇರದ 25 ಜನರ ಹೆಸರನ್ನು ಕೊನೆಯಲ್ಲಿ ತೋರಿಸಿ. ಎಲ್ಲರ ಕ್ಲಿಪ್‌ಗಳನ್ನೂ ಕತ್ತರಿಸದೆ ಒಂದು ಪೆನ್‌ಡ್ರೈವ್‌ಗೆ ತುಂಬಿ, ಯಾರದು ಯಾವುದೆಂದು ಹೆಸರು ಬರೆದು, ಮೇಷ್ಟ್ರ ಮನೆಯವರ ಕೈಗೆ ಕೊಡಿ.